ಸಂಡೂರಿನ ಗುಡ್ಡದಲ್ಲಿ ಸೂಜಿ ಆರು ಡಿಗ್ರಿ ವಾಲಿದ್ದು

ಸಂಡೂರಿನ ಕಡೆ ಕುರಿ ಮೇಯಿಸುವ ಹುಡುಗನೊಬ್ಬ ಗುಡ್ಡದ ಮೇಲೆ ವೀರಗಲ್ಲು ನೋಡಿದ್ದ. ಮೊಬೈಲಿನಲ್ಲಿ ಆ ಜಾಗದ ಅಕ್ಷಾಂಶ ರೇಖಾಂಶ ಹಿಡಿದು ನನಗೆ ಕಳಿಸಿದ್ದ. ಹೋಗಲು ದಾರಿ ಇಲ್ಲ, ಎಲ್ಲಾ ಪೊದೆ. ನಿಧಾನ ನಡೆಯುವಾಗ ಮೊಬೈಲಿನ ಬಾಣ ಸುಮ್ನೆ ಅತ್ತಿತ್ತ ತಿರುಗುತ್ತಾ ಇರುತ್ತದೆ. ಹಾಗಾಗಿ ನಾನು ಕಂಪಾಸ್ ಹಿಡಿದು ನೇರ ಗೆರೆಯಲ್ಲಿ ಹೋಗುವುದು ಅಂತ ತೀರ್ಮಾನಿಸಿದೆ.

ಲೆಕ್ಕವನ್ನು ಹಿಂದಿನ ರಾತ್ರಿಯೇ ಮಾಡಿದೆ. ನಾವು ಗಾಡಿ ನಿಲ್ಲಿಸುವ ಜಾಗಕ್ಕಿಂತ ಕಲ್ಲಿನ ಅಕ್ಷಾಂಶ 0.0062 ಡಿಗ್ರಿ ಜಾಸ್ತಿ, ರೇಖಾಂಶ 0.0048 ಕಡಿಮೆ. ಅಂದರೆ ಕಲ್ಲು ಉತ್ತರಕ್ಕೂ ಇದೆ, ಪಶ್ಚಿಮಕ್ಕೂ ಇದೆ. ನಮ್ಮ ಭಾಗದಲ್ಲಿ ಅಕ್ಷಾಂಶದ 0.001 ಡಿಗ್ರಿಗೆ ಸುಮಾರು 110.6 ಮೀಟರ್. ರೇಖಾಂಶದ 0.001 ಡಿಗ್ರಿಗೆ ಸುಮಾರು 107.5. ಧ್ರುವದ ಕಡೆ ಹೋದಂತೆ ರೇಖಾಂಶದ ಗೆರೆಗಳು ಹತ್ತಿರವಾಗುತ್ತವಲ್ಲ, ಅದಕ್ಕೇ ಈ ವ್ಯತ್ಯಾಸ. ಹೀಗೆ ಉತ್ತರಕ್ಕೆ 686 ಮೀಟರ್, ಪಶ್ಚಿಮಕ್ಕೆ 516 ಮೀಟರ್ ಬಂತು. ಇದರಿಂದ ಉತ್ತರದಿಂದ ಎಷ್ಟು ಡಿಗ್ರಿ ತಿರುಗಬೇಕು, ನೇರ ಎಷ್ಟು ಮೀಟರ್ ನಡೆಯಬೇಕು ಅಂತ ಲೆಕ್ಕ ಹಾಕಿದೆ.

```
atan(516/686) = 37
360 - 37 = 323
sqrt(686^2 + 516^2) = 858
```

ಗುರಿ ಪಶ್ಚಿಮಕ್ಕಿದ್ದರಿಂದ 37ನ್ನು 360ರಿಂದ ಕಳೆದೆ. ಇದನ್ನು ಮರೆತರೆ ಗುಡ್ಡದ ಬೇರೆ ಮಗ್ಗುಲಿಗೇ ಹೋಗುತ್ತೇವೆ. ಇನ್ನೊಂದು ಮಾತು. ನಮ್ಮ ಕಡೆ ಕಂಪಾಸಿನ ಸೂಜಿ ನಿಜವಾದ ಉತ್ತರಕ್ಕಿಂತ ಸುಮಾರು ಒಂದು ಡಿಗ್ರಿ ಪಶ್ಚಿಮಕ್ಕೆ ತೋರಿಸುತ್ತದೆ. ಅದಕ್ಕೆ ಒಂದು ಕೂಡಿಸಿ ಡಯಲನ್ನು 324ಕ್ಕೆ ಇಟ್ಟೆ.

ಬೆಳಗ್ಗೆ ತಮ್ಮನನ್ನು ಕರೆದುಕೊಂಡು ಹೋದೆ. ಹೊರಡುವ ಮೊದಲು ಅಲ್ಲಿನ ನೆಲ ಸರಿಯಿದೆಯಾ ಅಂತ ನೋಡಿದೆ. ಸ್ವಲ್ಪ ದೂರದ ಬಾವಿಕಟ್ಟೆಗೆ ಕಂಪಾಸ್ ಹಿಡಿದರೆ 58. ಕಟ್ಟೆಯ ಹತ್ತಿರ ಹೋಗಿ ತಿರುಗಿ ನೋಡಿದರೆ 238. ಸರಿಯಾಗಿ 180 ವ್ಯತ್ಯಾಸ, ಅಂದರೆ ಎರಡೂ ಕಡೆ ಸೂಜಿಯನ್ನು ಎಳೆಯುವಂಥದ್ದು ಏನೂ ಇಲ್ಲ. ಮೊಬೈಲನ್ನು ತಮ್ಮನ ಕೈಗೆ ಕೊಟ್ಟೆ. ಅದು ಜೇಬಿನಲ್ಲಿದ್ದರೂ ಸೂಜಿ ಅಲುಗುತ್ತದೆ.

ಕಂಪಾಸನ್ನು ಎದೆಯ ಮಟ್ಟಕ್ಕೆ ಹಿಡಿದೆ. ಸೂಜಿಯ ಕೆಂಪು ತುದಿ ಡಯಲಿನ ಬಾಣದೊಳಗೆ ಬಂದು ಕೂರುವವರೆಗೆ ಇಡೀ ಮೈಯನ್ನೇ ತಿರುಗಿಸಿದೆ, ಕೈಯನ್ನಲ್ಲ. ನೇರದಲ್ಲಿ, ಏರಿನ ಮೇಲೆ, ಒಂಟಿ ದಿಂಡಿಗದ ಮರ ಕಂಡಿತು. ಆಮೇಲೆ ಕಂಪಾಸ್ ನೋಡಲೇ ಇಲ್ಲ. ಮರವನ್ನೇ ನೋಡುತ್ತಾ, ಬಲಗಾಲು ಊರಿದಾಗ ಮಾತ್ರ ಎಣಿಸುತ್ತಾ ನಡೆದೆ. ಏರಿನಲ್ಲಿ ನನ್ನ ಎಣಿಕೆ 100 ಮೀಟರಿಗೆ 72. ಸಮತಟ್ಟಿನಲ್ಲಾದರೆ 64. ಇದನ್ನು ಪ್ರತಿಯೊಬ್ಬರೂ ತಮ್ಮ ಕಾಲಿನಲ್ಲೇ ಅಳೆದುಕೊಳ್ಳಬೇಕು.

ಮರ ಮುಟ್ಟಿದಾಗ ಎಣಿಕೆ 320. ಸುಮಾರು 445 ಮೀಟರ್, ಅರ್ಧ ದಾರಿ ದಾಟಿತ್ತು. ಕೆಳಗೆ ಹೊರಟ ಜಾಗದಲ್ಲೇ ನಿಂತಿದ್ದ ತಮ್ಮ ಬಿಳಿ ಟವೆಲ್ ಬೀಸಿದ. ತಿರುಗಿ ಅವನ ಕಡೆಗೆ ಕಂಪಾಸ್ ಹಿಡಿದೆ. 324ರಲ್ಲಿ 180 ಕಳೆದರೆ 144 ತೋರಿಸಬೇಕು. ತೋರಿಸಿದ್ದು 150.

ತಮ್ಮ ಮೇಲೆ ಬಂದು, "ಅಣ್ಣಾ, ಕಂಪಾಸ್ ಕೆಟ್ಟೈತೇನು?" ಅಂದ. ಕೆಟ್ಟಿರಲಿಲ್ಲ. ಕಾಲ ಕೆಳಗೆ ನೋಡಿದರೆ ಕೆಂಪು, ಕಪ್ಪು ಪಟ್ಟಿ ಪಟ್ಟಿಯ ಭಾರದ ಕಲ್ಲು. ಕಬ್ಬಿಣದ ಕಲ್ಲು. ಇದರಲ್ಲಿರುವ ಹೆಮಟೈಟ್ ಸೂಜಿಯನ್ನು ಅಷ್ಟಾಗಿ ಎಳೆಯುವುದಿಲ್ಲ. ಅದರ ಜೊತೆ ಮ್ಯಾಗ್ನಟೈಟ್ ಇದ್ದರೆ ಮಾತ್ರ ಚೆನ್ನಾಗಿ ಎಳೆಯುತ್ತದೆ. ಹೊರಟ ಜಾಗವನ್ನು ಮೊದಲೇ ಪರೀಕ್ಷಿಸಿದ್ದರಿಂದ ತಪ್ಪು ಈ ಮರದ ಬುಡದ್ದೇ ಅಂತ ಖಾತ್ರಿಯಾಯಿತು. ಇಲ್ಲಿ ಯಾವ ಕಡೆ ನೋಡಿದರೂ 6 ಡಿಗ್ರಿ ಜಾಸ್ತಿ ತೋರಿಸುತ್ತದೆ. ಹಾಗಾದರೆ ನನ್ನ ಗೆರೆ ಹಿಡಿಯಲು ಇಲ್ಲಿ ಡಯಲನ್ನು 330ಕ್ಕೆ ಇಡಬೇಕು. 324ಕ್ಕೇ ಬಿಟ್ಟು ನಡೆದಿದ್ದರೆ ಉಳಿದ 413 ಮೀಟರಿನಲ್ಲಿ ಎಡಕ್ಕೆ ಹತ್ತಿರ ಹತ್ತಿರ 43 ಮೀಟರ್ ಸರಿದುಬಿಡುತ್ತಿದ್ದೆ. ಆ ಪೊದೆಯಲ್ಲಿ ಮೊಣಕಾಲೆತ್ತರದ ಕಲ್ಲು ಅಷ್ಟು ದೂರದಿಂದ ಕಾಣುತ್ತಾ?

ಆದರೆ ಈ 6 ಡಿಗ್ರಿ ಆ ಒಂದು ಜಾಗಕ್ಕೆ ಮಾತ್ರ. ಹತ್ತು ಹೆಜ್ಜೆ ಮುಂದೆ ಹೋದರೆ ಅದು 2 ಆಗಬಹುದು, 12 ಆಗಬಹುದು. ಅದಕ್ಕೆ 330ನ್ನು ಒಂದೇ ಸಲ ಬಳಸಿದೆ. ಆ ನೇರದಲ್ಲಿ, ಕಬ್ಬಿಣದ ಕಲ್ಲು ಮುಗಿಯುವ ಆಚೆ, ಎರಡಾಗಿ ಸೀಳಿದ ಬಂಡೆ ಕಾಣುತ್ತಿತ್ತು. ಅದನ್ನೇ ಗುರುತು ಮಾಡಿಕೊಂಡೆ. ನಡುವೆ ಕಂಪಾಸನ್ನು ಜೇಬಿನಿಂದ ತೆಗೆಯಲೇ ಇಲ್ಲ.

ಬಂಡೆಯ ಹತ್ತಿರದಿಂದ ತಿರುಗಿ ಮರಕ್ಕೆ ಹಿಡಿದರೆ 145 ಬಂತು. ಒಂದು ಡಿಗ್ರಿ ಕೈಯ ಅಲುಗಾಟದಲ್ಲೇ ಬರುತ್ತದೆ. ಸೂಜಿ ಮತ್ತೆ ನಂಬಿಕೆಗೆ ಬಂದಿತ್ತು. ಡಯಲನ್ನು 324ಕ್ಕೆ ತಿರುಗಿಸಿ ಮುಂದೆ ಹೊರಟೆವು.

ಎಣಿಕೆ 618 ಆದಾಗ ನಿಂತೆ. ಕೈ ಕಂಪಾಸಿನಲ್ಲಿ 2 ಡಿಗ್ರಿ ತಪ್ಪು ಸಹಜ, ಇಷ್ಟು ದೂರಕ್ಕೆ ಅದೇ 30 ಮೀಟರ್ ಆಗುತ್ತದೆ. ನಿಂತ ಜಾಗದಲ್ಲಿ ಕೋಲು ನೆಟ್ಟು, ಟವೆಲ್ ಕಟ್ಟಿ, ಅದರ ಸುತ್ತ ಅಗಲವಾಗುತ್ತಾ ಸುತ್ತು ಹಾಕಿದೆವು. ಮೂರನೇ ಸುತ್ತಿನಲ್ಲಿ ತಮ್ಮ ಕೂಗಿದ. ಕೋಲಿನಿಂದ ಎಡಕ್ಕೆ ಇಪ್ಪತ್ತು ಮೀಟರ್. ಬಾರೆ ಗಿಡದ ಬುಡದಲ್ಲಿ ಕಲ್ಲು ಅರ್ಧ ಹೂತಿತ್ತು. ಕತ್ತಿ ಹಿಡಿದ ಕೈ ಮಾತ್ರ ಮಣ್ಣಿನ ಮೇಲೆ ಕಾಣುತ್ತಿತ್ತು.