ನರಗುಂದದಿಂದ ವಿಧಾನಸೌಧದ ತನಕ: ಮೂರು ಪಾಠಕ್ಕ ಒಂದ ಉದಾಹರಣೆ ಕಟ್ಟಿದ ನನ್ನ ಅನುಭವ

ಧಾರವಾಡದಾಗ ಪಿಯು ಹುಡುಗೂರಿಗೆ ರಾಜ್ಯಶಾಸ್ತ್ರ ಹೇಳ್ತೀನಿ, ಸಂಜಿಮುಂದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಎಕ್ಸಾಮಿಗೆ ಓದೋ ಒಂದಿಷ್ಟು ಹುಡುಗೂರೂ ಬರ್ತಾರ. ರಾಜಕೀಯ ಪಕ್ಷ, ಒತ್ತಡ ಗುಂಪು, ಸಮ್ಮಿಶ್ರ ಸರ್ಕಾರ, ಈ ಮೂರರ ಮ್ಯಾಲಿನ ಎರಡು ಮಾರ್ಕ್ಸಿನ, ಐದು ಮಾರ್ಕ್ಸಿನ ಪ್ರಶ್ನೆಗೆ ಎಲ್ಲಾರೂ ಡೆಫಿನಿಷನ್ ಚಲೋ ಬರೀತಾರ. ಉದಾಹರಣೆಗೆ ಬಂದಾಗ ಮಾತ್ರ "ಉದಾ: ರೈತ ಸಂಘ, ಕಾರ್ಮಿಕ ಸಂಘ, ವಿದ್ಯಾರ್ಥಿ ಸಂಘ" ಅಂತ ಮೂರು ಹೆಸರು ಬರದು ಪೆನ್ ಎತ್ತಿಬಿಡ್ತಾರ. ಹೆಸರು ಬರದ್ರ ಉದಾಹರಣೆ ಆಗಂಗಿಲ್ಲ. ಆ ಸಂಘ ಯಾವಾಗ, ಯಾರ ಮ್ಯಾಲೆ, ಯಾವುದಕ್ಕ ಒತ್ತಡ ಹಾಕ್ತು, ಅದರಿಂದ ಏನಾತು, ಇಷ್ಟು ಇದ್ರ ಪೇಪರ್ ನೋಡೋರಿಗೆ ಈ ಹುಡುಗ ತಿಳಕೊಂಡಾನ ಅಂತ ಗೊತ್ತಾಗತೈತಿ.

ಅದಕ್ಕ ನಾ ಮೂರೂ ಪಾಠಕ್ಕ ಒಂದ ಎಳಿ ಹಿಡದೆ, ಅದು ನರಗುಂದದಿಂದ ಶುರು ಆಗತೈತಿ.

ನವಿಲುತೀರ್ಥದ ಡ್ಯಾಮಿಂದ ಮಲಪ್ರಭಾ ಕಾಲುವೆ ನೀರು ನರಗುಂದ, ನವಲಗುಂದ ಭಾಗದ ಎರಿ ಹೊಲಕ್ಕ ಬಂತು. ಕೆಲವು ಕಡೆ ನೀರು ಸರಿಯಾಗಿ ಮುಟ್ಟಲಿಲ್ಲ, ಕೆಲವು ಕಡೆ ನೀರು ನಿಂತು ಹೊಲ ಸವಳು-ಜವಳು ಆತು. ಅಷ್ಟರಾಗ ಸರ್ಕಾರ ನೀರಿನ ಕರದ ಜೋಡಿ ಬೆಟರ್‌ಮೆಂಟ್ ಲೆವಿ ಅಂತ ಹಾಕ್ತು, ಅಂದ್ರ ನೀರಾವರಿಯಿಂದ ನಿಮ್ಮ ಭೂಮಿ ಬೆಲಿ ಏರೇತಿ, ಅದರ ಪಾಲು ಕೊಡ್ರಿ ಅನ್ನೋ ಲೆಕ್ಕ. ಬೆಳಿಗೆ ಬೆಲಿ ಇಲ್ಲ, ಲೆವಿ ಮಾತ್ರ ಕಟ್ಟಬೇಕು. ರೈತರು ಸಂಘಟನೆ ಮಾಡ್ಕೊಂಡು ಕರ ಕಟ್ಟೂದಿಲ್ಲ ಅಂದ್ರು. 1980ರ ಜುಲೈ 21ಕ್ಕ ಪ್ರತಿಭಟನೆ ಹಿಂಸಾಚಾರಕ್ಕ ತಿರುಗಿ ಗೋಲಿಬಾರ್ ಆತು, ರೈತರು ಸತ್ತರು, ಇವತ್ತಿಗೂ ಆ ದಿನ ಅಲ್ಲಿ ಹುತಾತ್ಮ ರೈತರ ದಿನ ಮಾಡ್ತಾರ. ಚಳವಳಿ ಬ್ಯಾರೆ ಜಿಲ್ಲಾಕ್ಕೂ ಹಬ್ಬಿತು, ಲೆವಿ ವಿಷಯದಾಗ ಗುಂಡೂರಾವ್ ಸರ್ಕಾರ ಹಿಂದ ಸರೀಬೇಕಾತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. (ನರಗುಂದ ಆಗ ಧಾರವಾಡ ಜಿಲ್ಲಾದಾಗ ಇತ್ತು, ಗದಗ ಜಿಲ್ಲಾ ಆಗಿದ್ದು 1997ಕ್ಕ. ಉತ್ತರದಾಗ "ಇಂದಿನ ಗದಗ ಜಿಲ್ಲೆಯ ನರಗುಂದ" ಅಂತ ಬರೀರಿ.)

ಇದನ್ನ ಐದು ಮಾರ್ಕ್ಸಿಗೆ ಹಿಂಗ ಬರಸ್ತೀನಿ: "ಒತ್ತಡ ಗುಂಪು ತನ್ನ ಸದಸ್ಯರ ಹಿತಕ್ಕಾಗಿ ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುತ್ತದೆ, ಆದರೆ ಅಧಿಕಾರ ಹಿಡಿಯಲು ಸ್ಪರ್ಧಿಸುವುದಿಲ್ಲ. 1980ರಲ್ಲಿ ಮಲಪ್ರಭಾ ಪ್ರದೇಶದ ರೈತರು ಕರ ನಿರಾಕರಣೆಯ ಮೂಲಕ ಬೆಟರ್‌ಮೆಂಟ್ ಲೆವಿಯನ್ನು ವಿರೋಧಿಸಿದರು. ಅವರ ಬೇಡಿಕೆ ಒಂದು ನಿರ್ದಿಷ್ಟ ನೀತಿಗೆ ಸಂಬಂಧಿಸಿತ್ತು, ಸರ್ಕಾರ ನಡೆಸುವುದು ಅವರ ಉದ್ದೇಶವಾಗಿರಲಿಲ್ಲ." ಈ ಕೊನೇ ಸಾಲು ಬಿಡಬ್ಯಾಡ್ರಿ ಅಂತ ಭಾಳ ಒತ್ತಿ ಹೇಳ್ತೀನಿ, ಯಾಕಂದ್ರ ಡೆಫಿನಿಷನ್ನಿಗೂ ಉದಾಹರಣೆಗೂ ಗಂಟು ಬೀಳೋದು ಅಲ್ಲೇ.

ಇಲ್ಲಿ ಒಬ್ಬ ಹುಡುಗಿ ಕೇಳಿದ್ಲು, "ಸರ್, ರೈತ ಸಂಘದವರು ಎಲೆಕ್ಷನ್ನಿಗೂ ನಿಂತಾರಲ್ರಿ, ಮತ್ತ ಒತ್ತಡ ಗುಂಪು ಹೆಂಗ ಆತು?" ಈ ಪ್ರಶ್ನೆ ನಂಗ ಭಾಳ ಸೇರ್ತು, ಇಡೀ ಪಾಠದ ತಿರುಳು ಇದರಾಗ ಐತಿ. 1989ರ ವಿಧಾನಸಭಾ ಎಲೆಕ್ಷನ್ದಾಗ ರೈತ ಸಂಘದ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದರು, ಧಾರವಾಡ ಗ್ರಾಮೀಣ ಬಿಟ್ಟ ಮ್ಯಾಲೆ ಅಲ್ಲಿ ಉಪಚುನಾವಣೆ ಆಗಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ಬಂದರು. ಅಂದ್ರ ನಮ್ಮ ಧಾರವಾಡದ ಜನಾನ ಆ ಸಂಘಟನೆ ನಾಯಕರನ್ನ ವಿಧಾನಸಭಾಕ್ಕ ಕಳಿಸಿದ್ರು. ಮುಂದ ರೈತ ಚಳವಳಿಯ ಒಂದು ಕವಲು ಸರ್ವೋದಯ ಕರ್ನಾಟಕ ಪಕ್ಷ ಅಂತ ಆತು, 2023ರಾಗ ಮೇಲುಕೋಟೆಯಿಂದ ದರ್ಶನ್ ಪುಟ್ಟಣ್ಣಯ್ಯ ಗೆದ್ದಿದ್ದು ಅದರಿಂದನ. ಬಾಬಾಗೌಡರು ಬಿಜೆಪಿಗೆ ಹೋಗಿ 1998ಕ್ಕ ಬೆಳಗಾವಿಯಿಂದ ಲೋಕಸಭಾಕ್ಕ ಗೆದ್ದು ವಾಜಪೇಯಿ ಸರ್ಕಾರದಾಗ ಮಂತ್ರಿನೂ ಆದ್ರು. ಹಂಗಾಗಿ ಒಂದ ಹೆಸರು ಒಂದು ವರ್ಷಕ್ಕ ಒತ್ತಡ ಗುಂಪು, ಇನ್ನೊಂದು ವರ್ಷಕ್ಕ ಪಕ್ಷದಂಗ. ಇಸವಿ ಹಾಕದ "ರೈತ ಸಂಘ" ಅಂತ ಬರದ್ರ ಉತ್ತರ ಅರ್ಧ ಅಷ್ಟ. ಪರೀಕ್ಷಾದಾಗ ಗೊಂದಲ ಆದ್ರ ಒಂದ ಕೇಳ್ಕೊಳ್ರಿ: ಆ ಹೊತ್ತಿಗೆ ಅವರು ಅಭ್ಯರ್ಥಿ ನಿಲ್ಲಿಸಿದ್ರೋ ಇಲ್ಲೋ?

ಇನ್ನ ಸಮ್ಮಿಶ್ರ ಸರ್ಕಾರ. ರೈತ ಚಳವಳಿಯ ಸಿಟ್ಟು 1983ರ ಎಲೆಕ್ಷನ್ದಾಗ ಕಾಂಗ್ರೆಸ್ಸಿಗೆ ತಟ್ಟಿದ ಕಾರಣಗಳೊಳಗ ಒಂದು. 224 ಸೀಟಿನಾಗ ಜನತಾ ಪಕ್ಷಕ್ಕ 95, ಕಾಂಗ್ರೆಸ್ಸಿಗೆ 82, ಬಿಜೆಪಿಗೆ 18. ಬಹುಮತಕ್ಕ 113 ಬೇಕು. ರಾಮಕೃಷ್ಣ ಹೆಗಡೆ ರಾಜ್ಯದ ಮೊದಲನೇ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದ್ರು. ಪುಸ್ತಕ ಓದಿದ ಹುಡುಗೂರು ಕೂಡ ಇದನ್ನ "ಕರ್ನಾಟಕದ ಮೊದಲ ಸಮ್ಮಿಶ್ರ ಸರ್ಕಾರ" ಅಂತ ಬರೀತಾರ, ಅದು ತಪ್ಪು. ಬಿಜೆಪಿ ಮತ್ತ ಎಡಪಕ್ಷದವರು ಹೊರಗಿಂದ ಬೆಂಬಲ ಕೊಟ್ಟಿದ್ರು, ಮಂತ್ರಿಮಂಡಲದಾಗ ಕುಂತಿರಲಿಲ್ಲ, ಹಂಗಾಗಿ ಅದು ಬಾಹ್ಯ ಬೆಂಬಲದ ಅಲ್ಪಮತದ ಸರ್ಕಾರ. ಅಧಿಕಾರದಾಗ ಪಾಲಿಲ್ಲದಾಗ ಹೊಣೆನೂ ಇಲ್ಲ, ಬೆಂಬಲ ಯಾವಾಗರ ತಗೀಬಹುದು. 1984ರ ಲೋಕಸಭಾ ಎಲೆಕ್ಷನ್ದಾಗ ಜನತಾ ಪಕ್ಷಕ್ಕ 28ರಾಗ 4 ಸೀಟು ಬಂದ ಮ್ಯಾಲೆ ಹೆಗಡೆಯವರು ರಾಜೀನಾಮೆ ಕೊಟ್ಟು, 1985ಕ್ಕ ಮತ್ತ ಜನರ ಮುಂದ ಹೋಗಿ 139 ಸೀಟು ತಂದ್ರು.

ಇದರ ಬಾಜೂಕ 2018ರದು ಇಟ್ಟು ತೋರಸ್ತೀನಿ, ಆಗ ಹುಡುಗೂರಿಗೆ ತಟ್ನ ತಿಳೀತೈತಿ. ಮೇ ತಿಂಗಳದಾಗ 222 ಸೀಟಿಗೆ ಎಲೆಕ್ಷನ್ ಆತು, ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ದೊಡ್ಡ ಪಕ್ಷಕ್ಕ ಬಹುಮತ ಇಲ್ಲ, ಎರಡನೇದು ಮೂರನೇದು ಕೂಡಿದ್ರು. ಮುಖ್ಯಮಂತ್ರಿ ಜೆಡಿಎಸ್ಸಿನ ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಕಾಂಗ್ರೆಸ್ಸಿನ ಪರಮೇಶ್ವರ, ಖಾತೆ ಹಂಚಿಕೊಂಡ್ರು, ಸಿದ್ದರಾಮಯ್ಯನವರ ಅಧ್ಯಕ್ಷತೆಯೊಳಗ ಸಮನ್ವಯ ಸಮಿತಿ ಮಾಡ್ಕೊಂಡ್ರು. ನಮ್ಮ ಹಾವೇರಿ ಜಿಲ್ಲಾ ರಾಣೆಬೆನ್ನೂರಿಂದ ಕೆಪಿಜೆಪಿ ಅನ್ನೋ ಸಣ್ಣ ಪಕ್ಷದಿಂದ ಒಬ್ಬರೇ ಗೆದ್ದ ಆರ್. ಶಂಕರ್ ಅವರೂ ಮಂತ್ರಿ ಆದ್ರು. ಸೀಟು ಲೆಕ್ಕ ಬಿಗಿ ಇದ್ದಾಗ ಒಂದ ಸೀಟಿನ ಪಕ್ಷಕ್ಕೂ ಎಷ್ಟು ತೂಕ ಬರತೈತಿ ಅನ್ನೋದಕ್ಕ ಇದಕ್ಕಿಂತ ಚಲೋ ಉದಾಹರಣೆ ನಂಗ ಸಿಕ್ಕಿಲ್ಲ. ಮುಂದ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು, 2019ರ ಜುಲೈ 23ಕ್ಕ ವಿಶ್ವಾಸಮತದಾಗ 99-105ರಿಂದ ಸರ್ಕಾರ ಬಿತ್ತು.

"ಸಮ್ಮಿಶ್ರ ಸರ್ಕಾರದ ದೋಷಗಳು" ಅಂತ ಬಂದ್ರ ಬರೇ "ಅಸ್ಥಿರತೆ" ಅಂತ ಬರದು ಬಿಡಬ್ಯಾಡ್ರಿ, ಈ 99-105 ಬರೀರಿ. "ಲಕ್ಷಣಗಳು" ಅಂತ ಬಂದ್ರ ಖಾತೆ ಹಂಚಿಕೆ, ಸಮನ್ವಯ ಸಮಿತಿ ಬರೀರಿ. ಒಂದ ಸರ್ಕಾರದಾಗ ಎರಡೂ ಪ್ರಶ್ನೆಗೆ ಸಾಮಾನು ಸಿಕ್ತು. ಎರಡು ಮಾರ್ಕ್ಸಿಗೆ ಮಾತ್ರ ಇಷ್ಟೆಲ್ಲ ತುಂಬಬ್ಯಾಡ್ರಿ, ಡೆಫಿನಿಷನ್ ಒಂದು ಸಾಲು, "2018ರ ಜೆಡಿಎಸ್–ಕಾಂಗ್ರೆಸ್ ಸರ್ಕಾರ" ಅಂತ ಒಂದು ಸಾಲು ಸಾಕು. ಶಂಕರ್ ಅವರನ್ನ 2019ಕ್ಕ ಸ್ಪೀಕರ್ ಅನರ್ಹ ಮಾಡಿದ ಕಥಿ ಸಮ್ಮಿಶ್ರ ಸರ್ಕಾರದ ಉತ್ತರದಾಗ ತರಬ್ಯಾಡ್ರಿ, ಅದು ಪಕ್ಷಾಂತರ ನಿಷೇಧ ಕಾಯ್ದೆ ಕೇಳಿದಾಗ ಬರಿಯೂದು.