ಸಹಿ ಹಾಕಿದರೆ ಸಾಕು ಅಂದವರಿಗೆ ನಾನು ಪತ್ರ ಬರೆಯುವ ರೀತಿ

ಪಿಜಿಗೆ ಅರ್ಜಿ ಹಾಕುವ ಕಿರಿಯ ವೈದ್ಯರು ಶಿಫಾರಸು ಪತ್ರ ಕೇಳಲು ಬರುವಾಗ ತಾವೇ ಟೈಪ್ ಮಾಡಿಕೊಂಡು ಬರುವುದುಂಟು. "ಸರ್, ನೀವು ಸಹಿ ಹಾಕಿದರೆ ಸಾಕು." ನಾನು ಹಾಕುವುದಿಲ್ಲ. ಶ್ರಮಜೀವಿ, ಶಿಸ್ತಿನವರು, ರೋಗಿಗಳ ಮೇಲೆ ಕಾಳಜಿ ಇರುವವರು ಅಂತ ಅದರಲ್ಲಿ ಬರೆದಿರುತ್ತದೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ?

ನಮ್ಮ ಸರ್ಜರಿ ಯೂನಿಟ್‌ನಲ್ಲಿದ್ದ ಒಬ್ಬ ವೈದ್ಯೆ ಅರಿವಳಿಕೆ ವಿಭಾಗಕ್ಕೆ ಅರ್ಜಿ ಹಾಕುತ್ತಿದ್ದರು. "ಡ್ರಾಫ್ಟ್ ಬೇಡಮ್ಮ, ವಾರ್ಡಿನಲ್ಲಿ ನೀವೇ ನಿಂತು ನೋಡಿಕೊಂಡ ಒಂದೆರಡು ಕೇಸ್ ನೆನಪು ಮಾಡಿ ಹೇಳಿ" ಅಂದೆ. ಅವರು ಹೇಳಿದ್ದರಲ್ಲಿ ಒಂದು ನನಗೂ ಚೆನ್ನಾಗಿ ನೆನಪಿತ್ತು.

ಕರುಳಿನ ಆಪರೇಷನ್ ಆಗಿ ಐದನೇ ದಿನದ ರೋಗಿ. ರಾತ್ರಿ ಚಾರ್ಟ್ ನೋಡಿದರೆ ಬಿಪಿ 124/78, ಜ್ವರ ಹೆಚ್ಚೇನಿಲ್ಲ, ನಾಡಿ 108. ಉಸಿರಾಟದ ಕಾಲಂನಲ್ಲಿ ಪ್ರತಿ ಸಲವೂ 18. ಎಣಿಸದೆ ಸುಮ್ನೆ ಅಂದಾಜಿಗೆ ಬರೆಯುವುದು ಈ ಕಾಲಂನಲ್ಲೇ ಜಾಸ್ತಿ. ಅವರು ಮಂಚದ ಪಕ್ಕ ನಿಂತು ಪೂರ್ತಿ ಒಂದು ನಿಮಿಷ ಎಣಿಸಿದರು. 28! ಸಾಮಾನ್ಯವಾಗಿ ಬಿಪಿ ಕುಸಿಯುವ ಮುಂಚೆಯೇ ಉಸಿರು ಏರುತ್ತದೆ. ಹಾಗಾಗಿ ಬೆಳಗಿನ ರೌಂಡ್ಸ್‌ಗೆ ಕಾಯದೆ ನನಗೆ ಫೋನ್ ಮಾಡಿದರು. ಸಿಟಿ ಸ್ಕ್ಯಾನ್ ಮಾಡಿಸಿದಾಗ ಕರುಳು ಜೋಡಿಸಿದ ಜಾಗ ಸೋರುತ್ತಿತ್ತು. ಅದೇ ರಾತ್ರಿ ರೋಗಿಯನ್ನು ಮತ್ತೆ ಥಿಯೇಟರ್‌ಗೆ ತೆಗೆದುಕೊಂಡೆವು.

ಪತ್ರದ ನಡುವಿನ ಪ್ಯಾರಾ ಪೂರ್ತಿ ಇದೇ. ರೋಗಿಯ ಹೆಸರು, ವಯಸ್ಸು, ತಾರೀಕು ಯಾವುದನ್ನೂ ಹಾಕಲಿಲ್ಲ. ಅರಿವಳಿಕೆಯವರಿಗೆ ಬೇಕಾದದ್ದೂ ಇಂಥ ಕಣ್ಣೇ: ಮಾನಿಟರ್ ಒಂದು ಹೇಳಿ ರೋಗಿ ಇನ್ನೊಂದು ಹೇಳುತ್ತಿದ್ದರೆ ರೋಗಿಯನ್ನು ನಂಬುವುದು, ತಡಮಾಡದೆ ಸಹಾಯಕ್ಕೆ ಕರೆಯುವುದು. ಇದೇ ವೈದ್ಯೆ ಚರ್ಮರೋಗಕ್ಕೆ ಅರ್ಜಿ ಹಾಕಿದ್ದರೆ ನಾನು ಬೇರೆ ಕೇಸ್ ಹುಡುಕುತ್ತಿದ್ದೆ.

ಅದಕ್ಕೂ ಮುಂಚೆ, ಮೊದಲ ಪ್ಯಾರಾದಲ್ಲಿ, ಅವರನ್ನು ಎಷ್ಟು ತಿಂಗಳು, ಎಲ್ಲೆಲ್ಲಿ ನೋಡಿದ್ದೇನೆ ಅಂತ ಬರೆದೆ. ವಾರ್ಡ್ ಮತ್ತು ಥಿಯೇಟರ್‌ನಲ್ಲಿ ನೋಡಿದ್ದೇನೆ, ಒಪಿಡಿಯಲ್ಲಿ ನೋಡಿಲ್ಲ. ಅದನ್ನೂ ಹಾಗೇ ಹೇಳಿದೆ.

ಒಂದು ಕೊರತೆಯನ್ನೂ ಬರೆಯುತ್ತೇನೆ. ಬರೀ ಹೊಗಳಿಕೆ ಓದಿದವರು ಹೇಳದೆ ಬಿಟ್ಟದ್ದೇನು ಅಂತ ಹುಡುಕುತ್ತಾರೆ. ಈ ವೈದ್ಯೆ ಡ್ಯೂಟಿ ಒಪ್ಪಿಸುವಾಗ ಮಂಚದ ನಂಬರಿನ ಪ್ರಕಾರ ಎಲ್ಲರದ್ದೂ ಹೇಳುತ್ತ ಹೋಗುತ್ತಿದ್ದರು. ತೀರಾ ಹುಷಾರಿಲ್ಲದ ರೋಗಿಯ ವಿಷಯ ಕೊನೆಗೆ ಬರುತ್ತಿತ್ತು. ಒಮ್ಮೆ ಹೇಳಿದ ಮೇಲೆ ಅಂಥವರಿಂದಲೇ ಶುರು ಮಾಡತೊಡಗಿದರು. ತಿದ್ದಿಕೊಂಡದ್ದನ್ನೂ ಸೇರಿಸಿಯೇ ಬರೆದೆ.

ಕೆಲವರ ಬಗ್ಗೆ ಎಷ್ಟು ಯೋಚಿಸಿದರೂ "ಸಮಯಕ್ಕೆ ಸರಿಯಾಗಿ ಬರುತ್ತಾರೆ" ಅನ್ನುವುದರ ಆಚೆ ಏನೂ ಹೊಳೆಯುವುದಿಲ್ಲ. ಆಯ್ಕೆ ಸಮಿತಿಯಲ್ಲಿ ಕೂತವರಿಗೆ ಆ ಸಾಲಿನ ಅರ್ಥ ಚೆನ್ನಾಗಿ ಗೊತ್ತು. ಅಂಥವರಿಗೆ, ನಿಮ್ಮನ್ನು ಹತ್ತಿರದಿಂದ ನೋಡಿದ ಬೇರೆ ಕನ್ಸಲ್ಟೆಂಟ್ ಹತ್ತಿರ ಕೇಳಿ ಅಂತ ಮೊದಲೇ ಹೇಳಿಬಿಡುತ್ತೇನೆ, ಕೊನೆ ದಿನಾಂಕಕ್ಕೆ ಇನ್ನೂ ಸಮಯ ಇರುವಾಗಲೇ.