ಎತ್ತರದ ಜಾಗದಲ್ಲಿ ಬ್ರಾಯ್ಲರ್: ಜಲೋದರಕ್ಕೆ ನಾನು ಹಿಡಿದ ದಾರಿ

ನನ್ನ ಶೆಡ್ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ಬ್ಯಾಚ್‌ಗಳಲ್ಲಿ ನಾಲ್ಕನೇ ವಾರದಿಂದ ಸಾವು ಹೆಚ್ಚುತ್ತಿತ್ತು. ಅದೂ ದಷ್ಟಪುಷ್ಟವಾದ ಹುಂಜಗಳೇ ಹೆಚ್ಚು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಕೈಗವಸು ಹಾಕಿಕೊಂಡು ಸತ್ತ ಕೋಳಿಗಳನ್ನು ಕೊಯ್ದು ನೋಡುವುದನ್ನು ರೂಢಿ ಮಾಡಿಕೊಂಡೆ.

ಕೆಲವು ಕೋಳಿಗಳ ಜುಟ್ಟು ನೀಲಿಗಟ್ಟಿ, ಹೊಟ್ಟೆ ಉಬ್ಬಿರುತ್ತಿತ್ತು. ಕೊಯ್ದರೆ ತಿಳಿ ಹಳದಿ ನೀರು ಹರಿಯುತ್ತಿತ್ತು, ಯಕೃತ್ತಿಗೆ ಲೋಳೆಯಂಥ ಗಡ್ಡೆಗಳು ಅಂಟಿರುತ್ತಿದ್ದವು, ಹೃದಯದ ಬಲಭಾಗ ಹಿಗ್ಗಿ ಜೋತುಬಿದ್ದಿರುತ್ತಿತ್ತು. ಇದು ಜಲೋದರ. ಇನ್ನು ಕೆಲವು ಕೋಳಿಗಳು ಬೆನ್ನ ಮೇಲೆ ಬಿದ್ದು ಕಾಲು ಮೇಲೆತ್ತಿ ಸತ್ತಿರುತ್ತಿದ್ದವು. ಅವುಗಳ ಕರುಳಿನ ತುಂಬ ಆಹಾರ, ಹೊಟ್ಟೆಯಲ್ಲಿ ನೀರಿನ ಸುಳಿವಿಲ್ಲ. ಅದು ಹಠಾತ್ ಸಾವು, ಎರಡು ಮೂರನೇ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ನನ್ನಲ್ಲಿ ಜಲೋದರವೇ ಹೆಚ್ಚಾಗಿತ್ತು.

ಕೋಳಿಯ ಶ್ವಾಸಕೋಶ ಪಕ್ಕೆಲುಬಿಗೆ ಅಂಟಿಕೊಂಡಿದೆ, ನಮ್ಮದರಂತೆ ಹಿಗ್ಗುವುದಿಲ್ಲ. ಮೈ ಬೇಗ ಬೆಳೆದಷ್ಟೂ ಆಮ್ಲಜನಕ ಹೆಚ್ಚು ಬೇಕು, ಅದೇ ಕಿರಿದಾದ ರಕ್ತನಾಳಗಳಲ್ಲಿ ಹೆಚ್ಚು ರಕ್ತ ನುಗ್ಗಬೇಕು. ಹೃದಯದ ಬಲಭಾಗ ದುಡಿದು ದುಡಿದು ಸೋಲುತ್ತದೆ, ರಕ್ತ ಹಿಂದೆ ನಿಂತು ಯಕೃತ್ತಿನಿಂದ ನೀರು ಜಿನುಗುತ್ತದೆ. ಎತ್ತರದಲ್ಲಿ ಗಾಳಿಯೇ ತೆಳು. ಚಳಿಯಲ್ಲಿ ಮೈ ಬೆಚ್ಚಗಿಡಲು ಆಮ್ಲಜನಕ ಇನ್ನಷ್ಟು ಬೇಕು. ಆ ಹೊತ್ತಿನಲ್ಲೇ ನಾವು ಪರದೆ ಮುಚ್ಚುತ್ತೇವೆ, ಉಳಿದ ಗಾಳಿಯನ್ನೂ ಗ್ಯಾಸ್ ಬ್ರೂಡರ್ ಸುಡುತ್ತದೆ.

ಆದ್ದರಿಂದ ಮೊದಲು ತಿದ್ದಿದ್ದು ಪರದೆಯನ್ನು. ಮೇಲಿನಿಂದ ಕೆಳಕ್ಕೆ ತೆರೆಯುವಂತೆ ಕಟ್ಟಿಸಿ, ಚಳಿರಾತ್ರಿಯಲ್ಲೂ ಮೇಲೆ ಒಂದು ಗೇಣು ಸಂದು ಬಿಟ್ಟೆ. ತಣ್ಣನೆಯ ಗಾಳಿ ಮರಿಗಳ ಮೇಲೆ ನೇರವಾಗಿ ಬೀಳುವುದಿಲ್ಲ, ಕೆಟ್ಟ ಗಾಳಿ ಹೊರಹೋಗುತ್ತದೆ. ಶಾಖ ಕಡಿಮೆಯಾದರೆ ಬ್ರೂಡರ್ ಹೆಚ್ಚಿಸುತ್ತೇನೆ, ಸಂದನ್ನು ಮಾತ್ರ ಮುಚ್ಚುವುದಿಲ್ಲ. ಗ್ಯಾಸ್ ಖರ್ಚು ಏರುತ್ತದೆ, ಆದರೂ ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಬೆಳಗಿನ ಜಾವ ಶೆಡ್‌ಗೆ ಹೋದ ಕೂಡಲೇ ಮರಿಗಳ ಎತ್ತರಕ್ಕೆ ಕುಕ್ಕರಿಸಿ ಕೂರುತ್ತೇನೆ. ಕಣ್ಣು ಉರಿದರೆ ಅಮೋನಿಯಾ ಮಿತಿಮೀರಿದೆ ಎಂದರ್ಥ. ನೀರಿನ ಪಾತ್ರೆಗಳ ಸುತ್ತಲಿನ ಒದ್ದೆ ಲಿಟರ್ ತೆಗೆಸಿ ಒಣಗಿದ್ದನ್ನು ಹಾಕಿಸುತ್ತೇನೆ. ನಿಂತಲ್ಲೇ ಮೂಗಿಗೆ ಬರುವ ವಾಸನೆಯನ್ನು ನಂಬಬೇಡಿ, ಮೂಗು ಬೇಗ ಒಗ್ಗಿಹೋಗುತ್ತದೆ.

ಆಮೇಲೆ ಬೆಳವಣಿಗೆಗೆ ಸ್ವಲ್ಪ ಕಡಿವಾಣ ಹಾಕಿದೆ. ಎರಡನೇ ವಾರದಿಂದ ಮೂರನೇ ವಾರದ ಕೊನೆವರೆಗೆ ಪೆಲೆಟ್ ಬದಲು ಪುಡಿ ಆಹಾರ, ರಾತ್ರಿ ಆರು ಗಂಟೆ ಪೂರ್ತಿ ಕತ್ತಲೆ. ಪುಡಿ ಆಹಾರವನ್ನು ತಿನ್ನಲು ಹೆಚ್ಚು ಹೊತ್ತು ಬೇಕಾದ್ದರಿಂದ ಕೋಳಿ ಕಡಿಮೆ ತಿನ್ನುತ್ತದೆ. ಮೂರನೇ ವಾರದ ತೂಕ ಕಡಿಮೆ ಬರುತ್ತದೆ, ನಂತರ ಬಹುಪಾಲು ಸರಿಹೋಗುತ್ತದೆ. ಹಠಾತ್ ಸಾವೂ ಇದರಿಂದ ತಗ್ಗಿತು. ಬಾವಿ ನೀರಿನ ಸೋಡಿಯಂ ಪರೀಕ್ಷೆ ಮಾಡಿಸಿ, ಅದಕ್ಕೆ ತಕ್ಕಂತೆ ಆಹಾರದ ಉಪ್ಪನ್ನೂ ಇಳಿಸಿದೆ. ಉಪ್ಪು ಹೆಚ್ಚಾದರೆ ರಕ್ತದ ಪ್ರಮಾಣ ಏರಿ ಹೃದಯದ ಹೊರೆ ಹೆಚ್ಚುತ್ತದೆ.

ಹೊಟ್ಟೆಯಲ್ಲಿ ನೀರು ತುಂಬಿದ ಕೋಳಿ ಚೇತರಿಸಿಕೊಳ್ಳುವುದಿಲ್ಲ. ಅಂಥವನ್ನು ನರಳಲು ಬಿಡದೆ ಬೇರ್ಪಡಿಸಿ ಕೊನೆಗೊಳಿಸುತ್ತೇನೆ. ಜಲೋದರದ ಸಾವು ಈಗ ತೀರ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಅದಕ್ಕೇ ಕಡುಚಳಿಯ ಬ್ಯಾಚ್‌ನಲ್ಲಿ ಹುಂಜಗಳನ್ನು ಭಾರಿ ತೂಕಕ್ಕೆ ಕಾಯಿಸದೆ ಮೊದಲೇ ಮಾರುತ್ತೇನೆ.